ಆರು ತಿಂಗಳು ಮುಗಿದರೂ ಬಾರದ ಕನ್ಫರ್ಮೇಷನ್ ಪತ್ರ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಹುಡುಗಿಯನ್ನು ರೇಖಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಅವಳ ಒಪ್ಪಿಗೆ ಪಡೆದು ತಿಂಗಳುಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಕಾರ್ಖಾನೆಗಳ ಎಚ್‌ಆರ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಪ್ರೊಬೇಷನ್ ಮುಗಿದರೂ ಪತ್ರ ಬಾರದೆ ಒದ್ದಾಡುವ ಹುಡುಗ ಹುಡುಗಿಯರು ಈಗಲೂ ನನ್ನ ಬಳಿ ಬರುತ್ತಾರೆ. ಅವರಲ್ಲಿ ರೇಖಾಳ ಪ್ರಕರಣವನ್ನೇ ಬರೆಯಲು ಒಂದು ಕಾರಣವಿದೆ. ಇದರಲ್ಲಿ ಯಾರೂ ಕೆಟ್ಟವರಿಲ್ಲ. ಆದರೂ ಪತ್ರ ಬಂದಿರಲಿಲ್ಲ.

ರೇಖಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದವಳು. ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ದುಡಿದು, ಮೈಸೂರು ಸೀಮೆಯ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷಾ ಲ್ಯಾಬಿಗೆ, ಅಂದರೆ ಕ್ಯೂಸಿಗೆ, ಜನವರಿ ಮೊದಲ ವಾರದಲ್ಲಿ ಸೇರಿದಳು. ನೇಮಕಾತಿ ಪತ್ರದ ಪ್ರಕಾರ ಪ್ರೊಬೇಷನ್ ಆರು ತಿಂಗಳು. ಮೊದಲ ತಿಂಗಳಲ್ಲೇ ಆಗಿನ ಮ್ಯಾನೇಜರ್ ಅವಳನ್ನು ಕೂರಿಸಿಕೊಂಡು, ಪ್ರೊಬೇಷನ್ ಮುಗಿಯುವಷ್ಟರಲ್ಲಿ ಏನೇನು ಆಗಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಎಸ್‌ಒಪಿಗಳ, ಅಂದರೆ ಪ್ರತಿ ಕೆಲಸಕ್ಕೂ ಬರೆದಿಟ್ಟ ವಿಧಾನಗಳ, ತರಬೇತಿ, ಲ್ಯಾಬ್ ನೋಟ್‌ಬುಕ್ ಬರೆಯುವ ಕ್ರಮ, ದ್ರಾವಣದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮೇಲೆ ಅರ್ಹತೆ, ಡಿಸಲ್ಯೂಷನ್ ಪರೀಕ್ಷೆಯಲ್ಲಿ ಅರ್ಹತೆ ಇವು ಅದರಲ್ಲಿ ಮುಖ್ಯವಾದವು.

ಈ 'ಅರ್ಹತೆ' ಏನೆಂದು ಹೊರಗಿನವರಿಗೆ ತಿಳಿಸಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಪದವಿ ಇದೆ ಎಂದ ಮಾತ್ರಕ್ಕೆ ಯಾರಿಗೂ ಮಾರಾಟಕ್ಕೆ ಹೋಗುವ ಬ್ಯಾಚಿನ ಪರೀಕ್ಷೆ ಮಾಡಲು ಬಿಡುವುದಿಲ್ಲ. ಈಗಾಗಲೇ ಪರೀಕ್ಷೆ ಆಗಿರುವ ಒಂದು ಸ್ಯಾಂಪಲ್ಲನ್ನು ಹೊಸಬರಿಗೆ ಕೊಡುತ್ತಾರೆ. ಅವರಿಗೆ ಬಂದ ಫಲಿತಾಂಶವನ್ನು ಅನುಭವಿ ವಿಶ್ಲೇಷಕರ ಫಲಿತಾಂಶದ ಜೊತೆ ಹೋಲಿಸುತ್ತಾರೆ. ವ್ಯತ್ಯಾಸ ಮೊದಲೇ ಗೊತ್ತುಪಡಿಸಿದ ಮಿತಿಯೊಳಗಿದ್ದರೆ ವರದಿ ಬರೆದು, ಪರಿಶೀಲಿಸಿ, ಸಹಿ ಹಾಕುತ್ತಾರೆ. ಆ ಸಹಿ ಬೀಳುವವರೆಗೆ ಆ ಪರೀಕ್ಷೆಯ ಮಟ್ಟಿಗೆ ನೀವು ಅರ್ಹರಲ್ಲ. ಕೈಗೆ ಕೆಲಸ ಎಷ್ಟೇ ಚೆನ್ನಾಗಿ ಬಂದರೂ ಅಷ್ಟೇ.

ಏಪ್ರಿಲ್‌ನಲ್ಲಿ ಆ ಮ್ಯಾನೇಜರ್‌ಗೆ ಕಂಪನಿಯ ಇನ್ನೊಂದು ಘಟಕಕ್ಕೆ ವರ್ಗವಾಯಿತು. ಹೊಸ ಮ್ಯಾನೇಜರ್ ಬಂದರು. ರೇಖಾಳ ಮಟ್ಟಿಗೆ ದಿನದ ಕೆಲಸದಲ್ಲಿ ಏನೂ ಬದಲಾಗಲಿಲ್ಲ, ಹಾಗಾಗಿ ಈ ಬದಲಾವಣೆಗೂ ತನ್ನ ಕನ್ಫರ್ಮೇಷನ್‌ಗೂ ಸಂಬಂಧವಿದ್ದೀತು ಎಂದು ಅವಳಿಗೆ ಹೊಳೆಯಲಿಲ್ಲ.

ಸಮಸ್ಯೆ

ಜುಲೈ ಮೊದಲ ವಾರಕ್ಕೆ ಆರು ತಿಂಗಳು ತುಂಬಿತು. ಪತ್ರ ಬರಲಿಲ್ಲ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು, ಎಚ್‌ಆರ್ ಪೋರ್ಟಲ್‌ನಲ್ಲಿ ಅವಳ ಹೆಸರಿನ ಎದುರು 'ಪ್ರೊಬೇಷನ್' ಎಂದೇ ಇತ್ತು. ಜೊತೆಗೆ ಸೇರಿದ್ದ ಇಬ್ಬರು ಪ್ರೊಡಕ್ಷನ್ ವಿಭಾಗದ ಹುಡುಗರಿಗೆ ಆಗಲೇ ಪತ್ರ ಬಂದಿತ್ತು.

ಅವಳಿಗೆ ತುರ್ತು ಇದ್ದದ್ದು ಒಂದೇ ಕಾರಣಕ್ಕೆ. ಆ ಕಂಪನಿಯಲ್ಲಿ ತಂದೆತಾಯಿಯನ್ನು ಗುಂಪು ಆರೋಗ್ಯ ವಿಮೆಗೆ ಸೇರಿಸುವ ಅವಕಾಶ ಕನ್ಫರ್ಮ್ ಆದವರಿಗೆ ಮಾತ್ರ ಇತ್ತು. ಕನ್ಫರ್ಮ್ ಆದ ದಿನದಿಂದ ಮೂವತ್ತು ದಿನದೊಳಗೆ ಹೆಸರು ಸೇರಿಸಬೇಕು. ಅವಳ ತಂದೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು.

ಜುಲೈ ಎರಡನೇ ವಾರದಲ್ಲಿ ಅವಳು ಮೊದಲ ಸಲ ಕೇಳಿದಳು. ಲ್ಯಾಬಿನ ಬಾಗಿಲ ಬಳಿ, ಮ್ಯಾನೇಜರ್ ಯಾವುದೋ ಮೀಟಿಂಗ್‌ಗೆ ಹೊರಟಿದ್ದಾಗ. "ಸರ್, ನನ್ನ ಕನ್ಫರ್ಮೇಷನ್ ಏನಾಯ್ತು ಸರ್?" ಅವರು ನಡೆಯುತ್ತಲೇ, "ಬರುತ್ತಮ್ಮ, ಎಚ್‌ಆರ್‌ನಿಂದ ಬರಬೇಕು" ಎಂದರು. ಎಚ್‌ಆರ್‌ಗೆ ಹೋದಳು. ಅಲ್ಲಿ, "ನಿಮ್ಮ ಮ್ಯಾನೇಜರ್ ಫಾರಂ ತುಂಬಿ ಕಳಿಸಬೇಕು, ಬಂದ ತಕ್ಷಣ ಮಾಡ್ತೀವಿ" ಎಂದರು. ಇನ್ನೊಂದು ವಾರ ಬಿಟ್ಟು ಮತ್ತೆ ಎರಡೂ ಕಡೆ ಕೇಳಿದಳು. ಮತ್ತೆ ಅದೇ ಉತ್ತರ.

ಇಬ್ಬರೂ ಹೇಳಿದ್ದು ಸತ್ಯ ಎನ್ನುವುದನ್ನು ಗಮನಿಸಬೇಕು. ಪತ್ರ ಎಚ್‌ಆರ್‌ನಿಂದಲೇ ಬರಬೇಕು. ಫಾರಂ ಮ್ಯಾನೇಜರ್ ಕಡೆಯಿಂದಲೇ ಹೋಗಬೇಕು. ಆ ಫಾರಂ ಈಗ ಎಲ್ಲಿದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಡೆದಾಡುತ್ತಾ 'ಏನಾಯ್ತು' ಎಂದು ಕೇಳಿದರೆ 'ಬರುತ್ತೆ' ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಆ ಪ್ರಶ್ನೆಗೆ ಉತ್ತರಿಸುವವರು ಕೂತು ಏನನ್ನೂ ನೋಡಬೇಕಿಲ್ಲ.

ಈ ನಡುವೆ ಸಹೋದ್ಯೋಗಿಗಳ ಸಲಹೆಗಳು ಶುರುವಾದವು. ಜಾಸ್ತಿ ಕೇಳಬೇಡ, ಬೇರೆ ಕಡೆ ಕೆಲಸ ಹುಡುಕ್ತಾ ಇದ್ದಾಳೆ ಅಂದುಕೊಳ್ಳುತ್ತಾರೆ ಎಂದರು ಒಬ್ಬರು. ಆರು ತಿಂಗಳು ಮುಗಿದರೆ ಕಾನೂನಿನ ಪ್ರಕಾರ ತಾನಾಗಿಯೇ ಖಾಯಂ, ಹೆದರಬೇಡ ಎಂದರು ಇನ್ನೊಬ್ಬರು. ಎರಡನೆಯ ಮಾತು ಅವಳಿಗೆ ಹಿಡಿಸಿತು. ನನ್ನ ಬಳಿ ಬಂದಾಗ ಎಚ್‌ಆರ್ ಮುಖ್ಯಸ್ಥರಿಗೆ ಕಳಿಸಬೇಕೆಂದು ಬರೆದಿಟ್ಟಿದ್ದ ಒಂದು ಮೇಲ್ ಅವಳ ಫೋನಿನಲ್ಲಿ ಸಿದ್ಧವಾಗಿತ್ತು. ಪ್ರೊಬೇಷನ್ ಅವಧಿ ಮುಗಿದಿರುವುದರಿಂದ ತನ್ನನ್ನು ಖಾಯಂ ನೌಕರಳೆಂದೇ ಪರಿಗಣಿಸಬೇಕು, ಕೂಡಲೇ ಪತ್ರ ಕೊಡಬೇಕು ಎಂಬುದು ಅದರ ಸಾರ. ಅದರ ಒಂದು ನಕಲು ಮ್ಯಾನೇಜರ್‌ಗೂ ಹೋಗುವುದಿತ್ತು.

ಮೊದಲ ನಿರ್ಧಾರ: ಆ ಮೇಲ್ ಕಳಿಸದಿರುವುದು

ಮೇಲ್ ಬದಿಗಿಟ್ಟು ನೇಮಕಾತಿ ಪತ್ರ ತೆಗೆಸಿದೆ. ಪ್ರೊಬೇಷನ್ ಬಗ್ಗೆ ಅದರಲ್ಲಿ ಮೂರು ವಾಕ್ಯಗಳಿದ್ದವು. ಒಂದು, ಅವಧಿ ಆರು ತಿಂಗಳು. ಎರಡು, ಅಗತ್ಯವೆನಿಸಿದರೆ ಕಂಪನಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಮೂರು, ಲಿಖಿತವಾಗಿ ಕನ್ಫರ್ಮ್ ಮಾಡುವವರೆಗೆ ನೌಕರರು ಪ್ರೊಬೇಷನ್‌ನಲ್ಲೇ ಮುಂದುವರಿಯುತ್ತಾರೆ. ರೇಖಾ ಮೊದಲ ವಾಕ್ಯವನ್ನು ಮಾತ್ರ ನೆನಪಿಟ್ಟುಕೊಂಡಿದ್ದಳು. ಹೆಚ್ಚಿನವರು ಹಾಗೆಯೇ.

'ತಾನಾಗಿ ಖಾಯಂ' ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1968ರಲ್ಲಿ ಪಂಜಾಬ್ ಸರ್ಕಾರ ಮತ್ತು ಧರಮ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥದ್ದನ್ನು ಹೇಳಿದೆ. ಅಲ್ಲಿ ಸೇವಾ ನಿಯಮಗಳೇ ಪ್ರೊಬೇಷನ್‌ಗೆ ಗರಿಷ್ಠ ಮಿತಿ ಹಾಕಿದ್ದವು. ಆ ಮಿತಿ ದಾಟಿದ ಮೇಲೂ ನೌಕರರನ್ನು ಮುಂದುವರಿಸಿದ್ದರಿಂದ ಅವರು ಖಾಯಂ ಆದರೆಂದೇ ತಿಳಿಯಬೇಕು ಎಂದಿತು ಕೋರ್ಟು. 2001ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಮತ್ತು ಸತ್ಯನಾರಾಯಣ ಝಾವರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇಂಥ ಪ್ರಕರಣಗಳನ್ನೆಲ್ಲ ಮೂರು ಬಗೆಯಾಗಿ ವಿಂಗಡಿಸಿತು. ಗರಿಷ್ಠ ಮಿತಿಯೇ ಇಲ್ಲದಿದ್ದರೆ, ಅವಧಿ ಮುಗಿದ ಮಾತ್ರಕ್ಕೆ ಖಾಯಂ ಆಗುವುದಿಲ್ಲ. ಮಿತಿ ಇದ್ದು ಅದನ್ನು ದಾಟಿ ಮುಂದುವರಿಸಿದ್ದರೆ ಖಾಯಂ ಎಂದು ತಿಳಿಯಲು ದಾರಿಯಿದೆ. ಮಿತಿ ಇದ್ದರೂ ಕನ್ಫರ್ಮೇಷನ್‌ಗೆ ಪ್ರತ್ಯೇಕ ಆದೇಶವೋ ಪರೀಕ್ಷೆ ಪಾಸಾಗುವುದೋ ಕಡ್ಡಾಯವೆಂದು ನಿಯಮದಲ್ಲೇ ಇದ್ದರೆ, ಅದು ಆಗುವವರೆಗೆ ಖಾಯಂ ಇಲ್ಲ. ಇವೆರಡೂ ಸರ್ಕಾರಿ ಸೇವೆಯ, ನ್ಯಾಯಾಂಗ ಸೇವೆಯ ಪ್ರಕರಣಗಳು. ಖಾಸಗಿ ಕಂಪನಿಯಲ್ಲಿ ನಿಮ್ಮ ಪತ್ರದ ಷರತ್ತು ಏನು, ಅಲ್ಲಿಗೆ ಅನ್ವಯಿಸುವ ಸ್ಥಾಯಿ ಆದೇಶಗಳು, ಅಂದರೆ ಆ ಕಾರ್ಖಾನೆಯ ಸೇವಾ ನಿಯಮಗಳು, ಏನು ಹೇಳುತ್ತವೆ ಎಂಬುದನ್ನೇ ನೋಡಬೇಕು.

ರೇಖಾಳ ಪತ್ರದಲ್ಲಿ ಲಿಖಿತ ಆದೇಶ ಬೇಕೆಂದು ಸ್ಪಷ್ಟವಾಗಿತ್ತು. ವಿಸ್ತರಣೆಯ ಮೂರು ತಿಂಗಳೂ ಇನ್ನೂ ಕಳೆದಿರಲಿಲ್ಲ. ಆ ಹಂತದಲ್ಲಿ 'ನಾನು ಖಾಯಂ' ಎಂದು ಬರೆದಿದ್ದರೆ ಎಚ್‌ಆರ್ ಆ ಪತ್ರವನ್ನೇ ತೋರಿಸುತ್ತಿತ್ತು. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿತ್ತು. ಫಾರಂಗೆ ಸಹಿ ಹಾಕಬೇಕಾದ ಮ್ಯಾನೇಜರ್‌ಗೆ ತನ್ನ ತಲೆಯ ಮೇಲಿಂದ ದೂರು ಹೋಗಿದೆ ಎಂದು ಅನಿಸುತ್ತಿತ್ತು. ಅವರ ಜೊತೆ ಒಮ್ಮೆಯೂ ಕೂತು ಮಾತಾಡದೆ ಈ ಹೆಜ್ಜೆ ಇಡುವುದು ನನಗೆ ಸರಿ ಕಾಣಲಿಲ್ಲ. ಅವಳೂ ಒಪ್ಪಿದಳು.

ಪತ್ರವಿಲ್ಲದೆಯೂ ಅವಳಿಗೆ ಸಲ್ಲುತ್ತಿದ್ದದ್ದು ಏನು ಎಂಬುದನ್ನೂ ಅವತ್ತೇ ನೋಡಿಕೊಂಡೆವು. ಪ್ರಾವಿಡೆಂಟ್ ಫಂಡ್ ಸೇರಿದ ದಿನದಿಂದಲೇ ಕಟ್ಟಾಗುತ್ತಿತ್ತು. ಗ್ರಾಚ್ಯುಟಿಗೆ ಸೇವೆ ಲೆಕ್ಕವಾಗುವುದೂ ಸೇರಿದ ದಿನದಿಂದಲೇ, ಕನ್ಫರ್ಮ್ ಆದ ದಿನದಿಂದಲ್ಲ. ಇಷ್ಟು ತಿಳಿದ ಮೇಲೆ ಅವಳ ಆತಂಕ ವಿಮೆ ಎಂಬ ಒಂದೇ ವಿಷಯಕ್ಕೆ ಇಳಿಯಿತು. ಮಾತಾಡಲು ಅದರಿಂದ ಅನುಕೂಲವಾಯಿತು.

ಕೇಳುವ ಮುನ್ನ ಮಾಡಿಕೊಂಡ ತಯಾರಿ

ಮೊದಲ ತಿಂಗಳ ಆ ಹಾಳೆ ಅವಳ ಬಳಿ ಇತ್ತು. ಅದನ್ನು ಮುಂದಿಟ್ಟುಕೊಂಡು ಪ್ರತಿ ಅಂಶಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ: ಇದು ಆಗಿದೆ ಎನ್ನುವುದಕ್ಕೆ ಕಾಗದ ಎಲ್ಲಿದೆ?

ಇಲ್ಲಿ ಬಹಳ ಜನ ಎಡವುತ್ತಾರೆ. 'ನಾನು ಎಲ್ಲ ಮುಗಿಸಿದ್ದೇನೆ' ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ, ಏಕೆಂದರೆ ಕೆಲಸ ಮಾಡಿದ್ದು ಅವರಿಗೆ ನೆನಪಿರುತ್ತದೆ. ಮ್ಯಾನೇಜರ್ ಮುಂದೆ ಫಾರಂ ತೆರೆದಾಗ ಅವರು ನೋಡುವುದು ದಾಖಲೆಯನ್ನು. ಔಷಧ ಕಾರ್ಖಾನೆಯಲ್ಲಂತೂ ಬರೆಯದ ಕೆಲಸ ಆಗದ ಕೆಲಸವೇ.

ರೇಖಾಳ ಹಾಳೆಯಲ್ಲಿ ಎಸ್‌ಒಪಿ ತರಬೇತಿಗಳಿಗೆಲ್ಲ ಸಹಿ ಇತ್ತು. ನೋಟ್‌ಬುಕ್ ಪರಿಶೀಲನೆಯೂ ಆಗಿತ್ತು. ಎಚ್‌ಪಿಎಲ್‌ಸಿ ಅರ್ಹತೆಯ ಪ್ರಯೋಗವನ್ನು ಮಾರ್ಚ್‌ನಲ್ಲೇ ಮಾಡಿದ್ದಳು, ಫಲಿತಾಂಶ ಮಿತಿಯೊಳಗೆ ಬಂದಿತ್ತು, ವರದಿಗೂ ಸಹಿ ಬಿದ್ದಿತ್ತು. ಡಿಸಲ್ಯೂಷನ್ ಸಾಲಿಗೆ ಬಂದಾಗ ಅವಳು ತಡೆದಳು. ಮಾತ್ರೆ ಎಷ್ಟು ಹೊತ್ತಿನಲ್ಲಿ ಎಷ್ಟು ಕರಗುತ್ತದೆ ಎಂದು ನೋಡುವ ಪರೀಕ್ಷೆ ಅದು. ಆರು ಪಾತ್ರೆಗಳಲ್ಲಿ ಆರು ಮಾತ್ರೆ, ದ್ರಾವಣ 37 ಡಿಗ್ರಿಯಲ್ಲಿ ಅರ್ಧ ಡಿಗ್ರಿಗಿಂತ ಆಚೀಚೆ ಆಗದಂತೆ. ಹಿರಿಯರ ಜೊತೆ ನಿಂತು ಎಷ್ಟೋ ಸಲ ಮಾಡಿದ್ದಳು. ಅವಳ ಹೆಸರಿನಲ್ಲಿ ಅರ್ಹತೆಯ ಸ್ಯಾಂಪಲ್ ಮಾತ್ರ ಯಾರೂ ಹಂಚಿರಲಿಲ್ಲ. ಏಪ್ರಿಲ್‌ನಲ್ಲಿ ಆಗಬೇಕಿದ್ದದ್ದು ಅದು. ಮ್ಯಾನೇಜರ್ ಬದಲಾದದ್ದೂ ಆಗಲೇ.

ಇನ್ನೊಂದು ವಿಷಯವನ್ನು ಅವಳು ತಾನಾಗಿ ಹೇಳಲಿಲ್ಲ. "ಇನ್ನೇನಾದರೂ ಇದೆಯಾ?" ಎಂದು ಎರಡನೇ ಸಲ ಕೇಳಿದಾಗ ಹೊರಬಂತು. ಮೇ ತಿಂಗಳಲ್ಲಿ ಒಂದು ದ್ರಾವಣವನ್ನು ತಪ್ಪು ಪ್ರಮಾಣದಲ್ಲಿ ತೆಳುಗೊಳಿಸಿದ್ದಳು. ಫಲಿತಾಂಶ ವಿಚಿತ್ರವಾಗಿ ಬಂದಾಗ ತಾನೇ ಹೋಗಿ ತಿಳಿಸಿದಳು. ಲ್ಯಾಬ್ ಇನ್ಸಿಡೆಂಟ್ ಎಂದು ದಾಖಲಾಗಿ, ತನಿಖೆಯಾಗಿ, ಮರುತರಬೇತಿ ಕೊಟ್ಟು ಅದನ್ನು ಮುಚ್ಚಲಾಗಿತ್ತು. ಮೂರು ವಾರದಿಂದ ಅವಳ ನಿದ್ದೆ ಕೆಡಿಸಿದ್ದು ಇದೇ. ಪತ್ರ ಬಾರದಿರುವುದಕ್ಕೆ ಇದೇ ಕಾರಣವೆಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಬಾಗಿಲ ಬಳಿ ನಿಂತು ಅವಸರದಲ್ಲಿ ಕೇಳಿದ್ದರ ಹಿಂದೆಯೂ ಈ ಭಯವಿತ್ತು. ಕೂತು ಕೇಳಿದರೆ ಪೂರ್ತಿ ಉತ್ತರ ಕೇಳಬೇಕಾಗುತ್ತದಲ್ಲ.

ಇದನ್ನು ಮ್ಯಾನೇಜರ್ ಮುಂದೆ ಎತ್ತಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆವು. ಎತ್ತಿದರೆ ಮರೆತದ್ದನ್ನು ನೆನಪಿಸಿದಂತಾಗುತ್ತದೆ ಎಂಬುದು ಅವಳ ಅಳುಕು. ನನ್ನ ಅಭಿಪ್ರಾಯ ಬೇರೆಯಿತ್ತು. ತನಿಖೆಯಾಗಿ ದಾಖಲಾದದ್ದನ್ನು ಯಾರೂ ಮರೆತಿರುವುದಿಲ್ಲ. ಅದು ಫಾರಂನಲ್ಲಿ ಕಾಣಿಸಿಕೊಳ್ಳುವುದಾದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ಅವಳೇ ವರದಿ ಮಾಡಿದ ತಪ್ಪು ಅದು, ಕೇಳಲು ಸಂಕೋಚಪಡಬೇಕಾದದ್ದು ಏನೂ ಇರಲಿಲ್ಲ. ವಿಮೆಯ ವಿಷಯವನ್ನು ಮಾತ್ರ ಮೊದಲಿಗೇ ಹೇಳುವುದು ಬೇಡವೆಂದೆ. ಮನೆಯ ಕಷ್ಟ ಮುಂದಿಟ್ಟು ಮಾತು ಶುರು ಮಾಡಿದರೆ ಮ್ಯಾನೇಜರ್ ಸಮಾಧಾನ ಹೇಳಲು ತೊಡಗುತ್ತಾರೆ, ಬಾಕಿ ಏನಿದೆ ಎಂಬುದು ಹಿಂದೆ ಸರಿಯುತ್ತದೆ. ಗಡುವಿನ ಮಾತು ಬಂದಾಗ ಹೇಳಿದರೆ ಸಾಕು.

ಕೇಳಿದ್ದು

ಅವಳು ಮ್ಯಾನೇಜರ್‌ಗೆ ಕಳಿಸಿದ ಸಂದೇಶ ಇಂಗ್ಲಿಷಿನಲ್ಲಿತ್ತು. ಅದರ ಸಾರ ಹೀಗೆ: "ಸರ್, ನನ್ನ ಆರು ತಿಂಗಳ ಪ್ರೊಬೇಷನ್ ಜುಲೈ ಮೊದಲ ವಾರದಲ್ಲಿ ಮುಗಿದಿದೆ. ಅದರ ಸದ್ಯದ ಸ್ಥಿತಿ ಏನು, ನನ್ನ ಕಡೆಯಿಂದ ಇನ್ನೇನು ಮುಗಿಯಬೇಕು ಎಂದು ನಿಮ್ಮಿಂದ ತಿಳಿದುಕೊಳ್ಳಬೇಕಿತ್ತು. ಮೊದಲ ತಿಂಗಳಲ್ಲಿ ಗೊತ್ತುಮಾಡಿದ ಗುರಿಗಳ ಹಾಳೆ ಲಗತ್ತಿಸಿದ್ದೇನೆ, ನನಗೆ ತಿಳಿದಂತೆ ಆಗಿರುವುದನ್ನು ಗುರುತು ಮಾಡಿದ್ದೇನೆ. ಈ ವಾರ ನಿಮಗೆ ಬಿಡುವಾದಾಗ ಇಪ್ಪತ್ತು ನಿಮಿಷ ಕೊಡಬಹುದೇ?"

ಹಾಳೆ ಲಗತ್ತಿಸಿದ್ದು ಕೆಲಸ ಮಾಡಿತು. ಹೊಸ ಮ್ಯಾನೇಜರ್ ಆ ಹಾಳೆಯನ್ನು ನೋಡಿದ್ದು ಅದೇ ಮೊದಲು. ಗುರುವಾರ ಮಧ್ಯಾಹ್ನ ಕರೆದರು.

ಅವಳು ನನಗೆ ಹೇಳಿದ ಹಾಗೆ ಮಾತುಕತೆ ಹೀಗೆ ಸಾಗಿತು.

"ಹೇಳಮ್ಮ, ಕನ್ಫರ್ಮೇಷನ್ ವಿಷಯ ತಾನೆ? ನನ್ನ ಕಡೆಯಿಂದ ಏನೂ ತೊಂದರೆ ಇಲ್ಲ. ಎಚ್‌ಆರ್‌ನವರು ಮಾಡಬೇಕು."

ಹಳೆಯ ರೇಖಾ ಆಗಿದ್ದರೆ 'ಸರಿ ಸರ್' ಎಂದು ಎದ್ದು ಬರುತ್ತಿದ್ದಳು. ಅವತ್ತು, "ಸರ್, ಎಚ್‌ಆರ್‌ನವರು ನಿಮ್ಮ ರಿವ್ಯೂ ಫಾರಂ ಬರಬೇಕು ಅಂತಾರೆ. ಆ ಫಾರಂ ನಿಮ್ಮ ಲಾಗಿನ್‌ಗೆ ಬಂದಿದೆಯಾ ಸರ್?" ಎಂದಳು.

ಅವರು ಕಂಪ್ಯೂಟರಿನಲ್ಲಿ ಹುಡುಕಿದರು. ಬೇರೆಯವರ ರಜೆಯ ಅರ್ಜಿಗಳಿದ್ದವು, ಇವಳ ಫಾರಂ ಇರಲಿಲ್ಲ. ಎಚ್‌ಆರ್‌ಗೆ ಅಲ್ಲಿಂದಲೇ ಫೋನ್ ಮಾಡಿದರು. ಐದು ನಿಮಿಷದಲ್ಲಿ ವಿಷಯ ಹೊರಬಿತ್ತು. ಪ್ರೊಬೇಷನ್ ಮುಗಿಯುವ ಮೂವತ್ತು ದಿನ ಮೊದಲು ವ್ಯವಸ್ಥೆ ತಾನಾಗಿ ಫಾರಂ ಕಳಿಸುತ್ತದೆ, ಆದರೆ ನೌಕರರು ಸೇರುವಾಗ ಯಾರ ಹೆಸರು ಮೌಲ್ಯಮಾಪಕರೆಂದು ದಾಖಲಾಗಿತ್ತೋ ಅವರಿಗೆ. ರಜೆ ಮಂಜೂರಾತಿಗೆ ಹೊಸ ಮ್ಯಾನೇಜರ್ ಹೆಸರು ಸೇರಿಸಿದ್ದರು, ಮೌಲ್ಯಮಾಪಕರ ಜಾಗದಲ್ಲಿ ಹಳೆಯ ಹೆಸರೇ ಉಳಿದಿತ್ತು. ಜೂನ್‌ನಿಂದ ಆ ಫಾರಂ ಇನ್ನೊಂದು ಘಟಕದ, ಇವಳ ಜವಾಬ್ದಾರಿಯೇ ಇಲ್ಲದ ಮನುಷ್ಯರ ಲಾಗಿನ್‌ನಲ್ಲಿ ಬಿದ್ದಿತ್ತು.

ಇಲ್ಲಿಗೇ ಖುಷಿಯಾಗಿ ಎದ್ದು ಬರಬಹುದಿತ್ತು. ಅವಳು ಮುಂದಿನ ಪ್ರಶ್ನೆ ಕೇಳಿದಳು: "ಸರ್, ಫಾರಂ ನಾಳೆ ನಿಮಗೆ ಬಂದರೆ, ಈಗಿನ ಸ್ಥಿತಿಯಲ್ಲಿ ನೀವು ಕನ್ಫರ್ಮ್ ಅಂತ ಬರೀತೀರಾ? ಇಲ್ಲಾ ಏನಾದರೂ ಬಾಕಿ ಇದೆಯಾ?"

ಇಡೀ ಪ್ರಕರಣದ ತಿರುವು ಈ ಪ್ರಶ್ನೆ ಎಂದು ನಾನು ನಂಬುತ್ತೇನೆ. ಫಾರಂ ಎಲ್ಲಿದೆ ಎಂಬುದು ಕಚೇರಿಯ ಪ್ರಶ್ನೆ, ಅದರಲ್ಲಿ ನೀವು ಏನು ಬರೆಯುತ್ತೀರಿ ಎಂಬುದು ಕೆಲಸದ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿದ್ದರಿಂದ ಮ್ಯಾನೇಜರ್ ಹಾಳೆ ಎಳೆದುಕೊಂಡು ಸಾಲು ಸಾಲಾಗಿ ನೋಡಿದರು. ಡಿಸಲ್ಯೂಷನ್ ಹತ್ತಿರ ನಿಲ್ಲಿಸಿ, "ಇದು ಆಗಿಲ್ಲವಲ್ಲಮ್ಮ. ಇದನ್ನು ಬಿಟ್ಟು ಸಹಿ ಹಾಕಿದರೆ ಆಡಿಟ್‌ನಲ್ಲಿ ನನ್ನನ್ನು ಕೇಳ್ತಾರೆ" ಎಂದರು.

ಆಮೇಲೆ ಅವಳು ಮೇ ತಿಂಗಳ ಘಟನೆಯನ್ನು ಎತ್ತಿದಳು. ಅದೇನಾದರೂ ತನ್ನ ಮೌಲ್ಯಮಾಪನಕ್ಕೆ ಅಡ್ಡಿಯಾಗುತ್ತದೆಯೇ ಎಂದು ನೇರವಾಗಿ ಕೇಳಿದಳು. ಅವರು ತಲೆಯಾಡಿಸಿದರು. "ನೀನೇ ಬಂದು ಹೇಳಿದೆಯಲ್ಲ. ಮರುತರಬೇತಿಯೂ ಆಯ್ತು, ಮತ್ತೆ ಆಗಿಲ್ಲ. ಅದು ಮುಗಿದ ವಿಷಯ." ಅಷ್ಟು ದಿನ ಅವಳು ಹೊತ್ತು ತಿರುಗಿದ್ದ ಭಾರಕ್ಕೂ ತಡವಾಗಿದ್ದ ಪತ್ರಕ್ಕೂ ಸಂಬಂಧವೇ ಇರಲಿಲ್ಲ.

ಕೊನೆಯದಾಗಿ ದಿನಾಂಕದ ಮಾತು. ಡಿಸಲ್ಯೂಷನ್ ಯಂತ್ರ ಆಡಿಟ್ ತಯಾರಿಯ ಕಾರಣ ತಿಂಗಳ ಕೊನೆಯವರೆಗೆ ಬಿಡುವಿರಲಿಲ್ಲ. ಆಗಸ್ಟ್ ಎರಡನೇ ವಾರದಲ್ಲಿ ಒಂದು ದಿನ ಯಂತ್ರ ಕಾದಿರಿಸಿ, ಅರ್ಹತೆಯ ಸ್ಯಾಂಪಲ್ ಹಂಚುವುದಾಗಿ ಮ್ಯಾನೇಜರ್ ಒಪ್ಪಿದರು. ಆಗ ಅವಳು ವಿಮೆಯ ವಿಷಯ ಹೇಳಿದಳು. ತಂದೆಯ ಶಸ್ತ್ರಚಿಕಿತ್ಸೆ ಸೆಪ್ಟೆಂಬರ್ ಕೊನೆಗೆ ಎಂದಿದ್ದಾರೆ, ಅಷ್ಟರೊಳಗೆ ಆದರೆ ಅನುಕೂಲ ಎಂದಷ್ಟೇ. ಅವರು ಡೈರಿಯಲ್ಲಿ ಬರೆದುಕೊಂಡರು.

ಅವತ್ತೇ ಸಂಜೆ ಅವಳು ಮ್ಯಾನೇಜರ್‌ಗೆ ನಾಲ್ಕು ಸಾಲಿನ ಮೇಲ್ ಕಳಿಸಿದಳು: ಫಾರಂ ವರ್ಗಾಯಿಸುವುದು ಎಚ್‌ಆರ್ ಕೆಲಸ, ಸ್ಯಾಂಪಲ್ ಹಂಚುವುದು ಮ್ಯಾನೇಜರ್ ಕೆಲಸ, ಪ್ರಯೋಗ ಮತ್ತು ವರದಿ ತನ್ನ ಕೆಲಸ, ಉಳಿದ ಗುರಿಗಳು ಮುಗಿದಿವೆ ಎಂದು ಮಾತಾಗಿದೆ. "ಏನಾದರೂ ತಪ್ಪಿದ್ದರೆ ತಿದ್ದಿ ಸರ್" ಎಂಬುದು ಕೊನೆಯ ಸಾಲು. ಅವರು 'ಸರಿ' ಎಂದು ಉತ್ತರಿಸಿ, ಎಚ್‌ಆರ್‌ನವರನ್ನೂ ಅದಕ್ಕೆ ಸೇರಿಸಿದರು.

ವಿಸ್ತರಣೆಯ ಪತ್ರದಲ್ಲಿದ್ದ ಒಂದು ಸಾಲು

ಮುಂದಿನ ವಾರ ಎಚ್‌ಆರ್ ಹೊಸ ತೊಡಕು ತಂದಿತು. ಆರು ತಿಂಗಳು ಮುಗಿದಿರುವುದರಿಂದ ದಾಖಲೆಯಲ್ಲಿ ಒಂದೋ ಕನ್ಫರ್ಮೇಷನ್ ಇರಬೇಕು, ಇಲ್ಲವೇ ವಿಸ್ತರಣೆ ಇರಬೇಕು. ಮ್ಯಾನೇಜರ್ ಆಗಸ್ಟ್ ಕೊನೆಯವರೆಗೆ ವಿಸ್ತರಣೆ ಕೇಳಿದರು. ರೇಖಾಳಿಗೆ ಅಳು ಬಂತು. ತನ್ನ ತಪ್ಪೇ ಇಲ್ಲದೆ ವಿಸ್ತರಣೆಯ ಮುದ್ರೆ ಬಿತ್ತಲ್ಲ ಎಂಬ ನೋವು. ಆ ನೋವು ನ್ಯಾಯವಾದದ್ದು ಎಂದೇ ನಾನು ಅವಳಿಗೆ ಹೇಳಿದೆ, ಈಗಲೂ ಹೇಳುತ್ತೇನೆ. ಸ್ಯಾಂಪಲ್ ಹಂಚದಿದ್ದದ್ದು, ಹೆಸರು ಬದಲಿಸದಿದ್ದದ್ದು, ಎರಡೂ ಕಂಪನಿಯ ಕಡೆಯ ಲೋಪಗಳು.

ಪತ್ರದ ಕರಡು ಬಂದಾಗ ಅದರಲ್ಲಿ, 'ನಿಮ್ಮ ಕಾರ್ಯನಿರ್ವಹಣೆ ನಿರೀಕ್ಷಿತ ಮಟ್ಟದಲ್ಲಿ ಇಲ್ಲದಿರುವುದರಿಂದ' ಎಂದಿತ್ತು. ಯಾರೂ ಬೇಕೆಂದು ಬರೆದದ್ದಲ್ಲ. ವಿಸ್ತರಣೆಯ ಪತ್ರಕ್ಕೆ ಅವರ ಬಳಿ ಇದ್ದದ್ದು ಒಂದೇ ನಮೂನೆ, ಅದರಲ್ಲಿ ಆ ಸಾಲು ಮೊದಲೇ ಅಚ್ಚಾಗಿತ್ತು. ಆದರೆ ಈ ಕಾಗದ ಅವಳ ಕಡತದಲ್ಲಿ ಉಳಿಯುತ್ತದೆ. ಮುಂದೆ ಬಡ್ತಿಯ ಸಮಯದಲ್ಲೋ ಒಳವರ್ಗಾವಣೆಯ ಸಮಯದಲ್ಲೋ ಕಡತ ತೆರೆದವರಿಗೆ ನಮೂನೆಯ ಕಥೆ ಗೊತ್ತಿರುವುದಿಲ್ಲ, ಆ ಸಾಲು ಮಾತ್ರ ಕಾಣುತ್ತದೆ.

ಸ್ವೀಕೃತಿಯ ಸಹಿ ಹಾಕುವ ಮೊದಲು ಅವಳು ಮ್ಯಾನೇಜರ್ ಬಳಿ ಹೋದಳು. "ಸರ್, ವಿಸ್ತರಣೆ ಒಪ್ಪುತ್ತೇನೆ. ಕಾರಣ ಮಾತ್ರ ನೀವು ನನಗೆ ಹೇಳಿದ್ದೇ ಇರಲಿ ಸರ್" ಎಂದಳು. ಗುರುವಾರದ ಮೇಲ್ ಅಲ್ಲೇ ಇತ್ತು, ಅದಕ್ಕೆ 'ಸರಿ' ಎಂದು ಅವರೇ ಉತ್ತರಿಸಿದ್ದರು. ಪತ್ರ ಬದಲಾಯಿತು: 'ಡಿಸಲ್ಯೂಷನ್ ಪರೀಕ್ಷೆಯ ವಿಶ್ಲೇಷಕ ಅರ್ಹತೆ ಬಾಕಿ ಇರುವುದರಿಂದ ಆಗಸ್ಟ್ 31ರವರೆಗೆ.' ಜೊತೆಗೆ, ಅದಕ್ಕೂ ಮೊದಲೇ ಪೂರ್ಣಗೊಂಡರೆ ಮ್ಯಾನೇಜರ್ ಶಿಫಾರಸಿನ ಮೇಲೆ ಅವಧಿಗೆ ಮುನ್ನ ಕನ್ಫರ್ಮ್ ಮಾಡಬಹುದು ಎಂಬ ಮಾತೂ ಸೇರಿತು. ಅದು ಕಂಪನಿಯ ನೀತಿಯಲ್ಲಿ ಮೊದಲೇ ಇತ್ತು, ಪತ್ರದಲ್ಲಿ ಬರುತ್ತಿರಲಿಲ್ಲ ಅಷ್ಟೇ.

ಕೊನೆಗೆ ಆದದ್ದು

ಆಗಸ್ಟ್ ಎರಡನೇ ವಾರ ಪ್ರಯೋಗ ಮಾಡಿದಳು. ಫಲಿತಾಂಶ ಮಿತಿಯೊಳಗೆ ಬಂತು. ವರದಿಯ ಪರಿಶೀಲನೆ ಆಡಿಟ್ ಗಡಿಬಿಡಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಸೂಚನೆ ಕಂಡಾಗ, ಪರಿಶೀಲಕರನ್ನು ಮೊದಲೇ ಕೇಳಿ ಒಂದು ಬೆಳಗಿನ ಹೊತ್ತು ಗೊತ್ತುಮಾಡಿಕೊಂಡಿದ್ದಳು. ಸಹಿ ಬಿದ್ದ ದಿನವೇ ಮ್ಯಾನೇಜರ್ ಫಾರಂ ತುಂಬಿದರು. ಕನ್ಫರ್ಮೇಷನ್ ಆಗಸ್ಟ್ 16ರಿಂದ ಜಾರಿಗೆ ಬಂತು.

ಜುಲೈಯಿಂದಲೇ ಜಾರಿಯಾಗುವಂತೆ ಮಾಡಲು ಸಾಧ್ಯವೇ ಎಂದು ಅವಳು ಕೇಳಿದಳು, ಎಚ್‌ಆರ್ ಒಪ್ಪಲಿಲ್ಲ. ಅರ್ಹತೆಯ ವರದಿಯ ದಿನಾಂಕಕ್ಕಿಂತ ಹಿಂದಕ್ಕೆ ಹೋಗಲು ಆಗದು ಎಂದರು. ಒಂದೂವರೆ ತಿಂಗಳು ಅವಳಿಗೆ ನಷ್ಟವೇ ಆಯಿತು. ತಂದೆತಾಯಿಯ ಹೆಸರು ವಿಮೆಗೆ ಸೇರಿತು. ಸೇರಿಸುವ ಮುನ್ನ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇದೆಯೇ ಎಂದು ವಿಚಾರಿಸಿಕೊಂಡಳು, ಆ ಪಾಲಿಸಿಯಲ್ಲಿ ಇರಲಿಲ್ಲ. ಎಲ್ಲ ಗುಂಪು ಪಾಲಿಸಿಗಳೂ ಹಾಗಿರುವುದಿಲ್ಲ. ಕನ್ಫರ್ಮ್ ಆದ ಮೇಲೆ ಅವಳ ನೋಟಿಸ್ ಅವಧಿ ಮೂವತ್ತು ದಿನದಿಂದ ತೊಂಬತ್ತಕ್ಕೆ ಏರಿತು. ಪತ್ರ ಬಂದಾಗ ಈ ಸಾಲನ್ನು ಓದದೆ ಸಹಿ ಹಾಕುವವರು ಬಹಳ, ಕೆಲಸ ಬಿಡುವ ದಿನ ಅದು ಗೊತ್ತಾಗುತ್ತದೆ.

ಈ ಪ್ರಕರಣದಿಂದ ಬೇರೆಯವರು ತೆಗೆದುಕೊಳ್ಳಬಹುದಾದದ್ದು

ಸಮಯದ ಮಾತು ಮೊದಲು. ರೇಖಾ ಏಳನೇ ತಿಂಗಳಲ್ಲಿ ಕೂತು ಕೇಳಿದಳು. ಇದೇ ಇಪ್ಪತ್ತು ನಿಮಿಷವನ್ನು ಐದನೇ ತಿಂಗಳಲ್ಲಿ ಕೇಳಿದ್ದರೆ ಡಿಸಲ್ಯೂಷನ್ ಬಾಕಿ ಇದೆ ಎಂಬುದು ಆಗಲೇ ಕಾಣುತ್ತಿತ್ತು, ಮುಗಿಸಲು ಒಂದು ತಿಂಗಳೂ ಸಿಗುತ್ತಿತ್ತು. ಅವಧಿ ಮುಗಿಯುವ ಮೊದಲು ಕೇಳಿದ ಪ್ರಶ್ನೆಯಲ್ಲಿ ದೂರಿನ ಧ್ವನಿಯೂ ಇರುವುದಿಲ್ಲ. ಪ್ರೊಬೇಷನ್ ನಡುವೆ ಮ್ಯಾನೇಜರ್ ಬದಲಾದರಂತೂ ಐದನೇ ತಿಂಗಳಿಗೂ ಕಾಯಬಾರದು. ಹೊಸಬರು ಬಂದ ಮೊದಲ ಒಂದೆರಡು ವಾರದಲ್ಲೇ ಗುರಿಗಳ ಹಾಳೆಯನ್ನು ಅವರ ಕೈಗೆ ಕೊಟ್ಟು, ನನ್ನ ರಿವ್ಯೂ ಯಾರ ಹೆಸರಿನಲ್ಲಿದೆ ಎಂದು ಎಚ್‌ಆರ್‌ಗೆ ಒಂದು ಸಾಲು ಬರೆದು ಕೇಳಬೇಕು. ಹಳೆಯ ಮ್ಯಾನೇಜರ್ ಹೊರಡುವ ಮುನ್ನ, ಆವರೆಗೆ ಮುಗಿದದ್ದಕ್ಕೆ ಅವರಿಂದಲೇ ಸಹಿ ಪಡೆಯಬೇಕು. ಅವರು ಕಂಪನಿಯನ್ನೇ ಬಿಟ್ಟು ಹೋದರೆ ಆ ಸಹಿ ಮತ್ತೆ ಸಿಗುವುದಿಲ್ಲ.

ಈ ದಾರಿಗೆ ಮಿತಿಯೂ ಇದೆ. ರೇಖಾಳ ಮ್ಯಾನೇಜರ್ ಹೇಳಿದ್ದನ್ನು ಮಾಡುವವರಾಗಿದ್ದರು. ಕೆಲವು ಕಡೆ ಬಾಕಿ ಪಟ್ಟಿ ಪ್ರತಿ ಸಲ ಉದ್ದವಾಗುತ್ತಾ ಹೋಗುತ್ತದೆ. ಒಂದು ಮುಗಿಸಿದರೆ ಮೊದಲು ಹೇಳಿರದ ಇನ್ನೊಂದು ಬರುತ್ತದೆ, ಬರವಣಿಗೆಯಲ್ಲಿ ಕೇಳಿದರೆ ಬಾಯಿಮಾತಿನ ಉತ್ತರ ಬರುತ್ತದೆ, ವಿಸ್ತರಣೆಯ ಪತ್ರವೂ ಇಲ್ಲ ಕನ್ಫರ್ಮೇಷನ್ ಪತ್ರವೂ ಇಲ್ಲದೆ ತಿಂಗಳುಗಳು ಕಳೆಯುತ್ತವೆ. ಮಾತಾದ ಮೇಲೆ ಕಳಿಸುವ ನಾಲ್ಕು ಸಾಲಿನ ಮೇಲ್ ಅಲ್ಲಿ ಬೇರೆ ಕೆಲಸಕ್ಕೆ ಬರುತ್ತದೆ. ಯಾವ ದಿನ ಏನು ಬಾಕಿ ಎಂದಿದ್ದರು, ಅದು ಯಾವ ದಿನ ಮುಗಿಯಿತು ಎಂಬುದು ಅದರಲ್ಲಿ ದಿನಾಂಕ ಸಮೇತ ಇರುತ್ತದೆ. ನೇಮಕಾತಿ ಪತ್ರದಲ್ಲಿ ಹೇಳಿದ ವಿಸ್ತರಣೆಯ ಗರಿಷ್ಠ ಅವಧಿಯೂ ಮುಗಿದ ಮೇಲೆ, ಆ ಮೇಲ್‌ಗಳನ್ನೂ ಪತ್ರವನ್ನೂ ಹಿಡಿದು ಎಚ್‌ಆರ್ ಮುಖ್ಯಸ್ಥರ ಬಳಿ ಹೋಗಬೇಕು, ಅಲ್ಲೂ ಆಗದಿದ್ದರೆ ಕಾರ್ಮಿಕ ಕಾನೂನು ಬಲ್ಲ ವಕೀಲರ ಬಳಿ. ರೇಖಾ ಜುಲೈಯಲ್ಲಿ ಬರೆದಿಟ್ಟಿದ್ದಂಥ ಮೇಲ್‌ಗೆ ಅರ್ಥ ಬರುವುದು ಆ ಹಂತದಲ್ಲಿ.

ಅವಳ ಲ್ಯಾಬಿನಲ್ಲಿ ಆಮೇಲೆ ಒಂದು ಸಣ್ಣ ಬದಲಾವಣೆ ಆಯಿತು. ಪ್ರೊಬೇಷನ್‌ನಲ್ಲಿರುವ ಪ್ರತಿಯೊಬ್ಬರ ಅರ್ಹತೆಗಳ ಪಟ್ಟಿಯನ್ನು ಮ್ಯಾನೇಜರ್ ಈಗ ತಿಂಗಳ ಮೊದಲ ಸೋಮವಾರ ನೋಡುತ್ತಾರೆ. ಡಿಸಲ್ಯೂಷನ್ ಯಂತ್ರದ ಕಾದಿರಿಸುವ ಪುಸ್ತಕದಲ್ಲಿ ಹೊಸಬರ ಅರ್ಹತೆಗೆಂದು ತಿಂಗಳಿಗೆ ಒಂದು ದಿನ ಮೀಸಲಿದೆ. ಅವಳ ನಂತರ ಸೇರಿದ ಹುಡುಗನ ಅರ್ಹತೆ ನಾಲ್ಕನೇ ತಿಂಗಳಲ್ಲೇ ಮುಗಿಯಿತು, ಅವನ ಫಲಿತಾಂಶವನ್ನು ಹೋಲಿಸಿದ್ದು ರೇಖಾಳ ಫಲಿತಾಂಶದ ಜೊತೆಗೆ.